ಬೇಳೆ ಬೇಯುವ ಮೊದಲೇ ಹುಳಿ ಹಾಕಿದರೆ ಅದು ಕರಗುವುದಿಲ್ಲವೇಕೆ? ಗಡಸು ನೀರು ಮತ್ತು ಸೋಡಾದ ಪಾತ್ರವೇನು?

ತೆರೆದಪಾತ್ರೆ

ಎಲ್ಲರಿಗೂ ನಮಸ್ಕಾರ. ಕುಕ್ಕರ್ ಬಳಸದೆ ತೆರೆದ ಪಾತ್ರೆಯಲ್ಲಿಯೇ ತೊಗರಿಬೇಳೆ ಬೇಯಿಸುತ್ತೇನೆ. ಕಳೆದ ವಾರ 200 ಗ್ರಾಂ ಬೇಳೆಗೆ ಒಂದು ಲೀಟರ್ ಕೊಳವೆಬಾವಿಯ ನೀರು ಹಾಕಿ, ಅರಿಸಿನ ಸೇರಿಸಿ, ಕುದಿ ಬಂದ ಕೂಡಲೇ ಹೆಚ್ಚಿದ ಎರಡು ಟೊಮೆಟೊ ಮತ್ತು ನಿಂಬೆಗಾತ್ರದ ಹುಣಸೆಹಣ್ಣಿನ ರಸವನ್ನು ಹಾಕಿದೆ. ಒಂದು ಗಂಟೆಗೂ ಹೆಚ್ಚು ಹೊತ್ತು ಕುದಿಸಿದರೂ ಬೇಳೆ ಒಡೆಯಲಿಲ್ಲ. ವಿಚಿತ್ರವೆಂದರೆ ಅದು ಹಸಿಯಾಗಿಯೂ ಇರಲಿಲ್ಲ. ಕಾಳೊಂದನ್ನು ಬೆರಳಲ್ಲಿ ಒತ್ತಿದರೆ ಒಳಗೆ ಬಿಳಿ ಬಣ್ಣವಿಲ್ಲ, ಹಸಿವಾಸನೆಯೂ ಇಲ್ಲ. ಆದರೆ ಹಿಟ್ಟಾಗುವ ಬದಲು ಎರಡು ಮೂರು ಚೂರಾಗಿ ಸೀಳುತ್ತದೆ, ಪ್ರತಿಯೊಂದು ಚೂರಿಗೂ ಚೂಪಾದ ಅಂಚು ಉಳಿದಿರುತ್ತದೆ. ಕೊನೆಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದೆ. ನೊರೆ ಉಕ್ಕಿತೇ ಹೊರತು ಬೇರೇನೂ ಆಗಲಿಲ್ಲ.

ನಮ್ಮ ನೀರನ್ನು ಟಿಡಿಎಸ್ ಮೀಟರಿನಲ್ಲಿ ಅಳೆದರೆ 700ರ ಹತ್ತಿರ ತೋರಿಸುತ್ತದೆ. ಹಾಗಾಗಿ ಇದಕ್ಕೆ ಕಾರಣ ಹುಳಿಯೋ, ನೀರೋ ಅಥವಾ ಬೇಳೆಯೇ ಹಳೆಯದೋ ಎಂಬುದನ್ನು ತಿಳಿಯಬೇಕಾಗಿದೆ. ಸೋಡಾ ಏಕೆ ಕೆಲಸ ಮಾಡಲಿಲ್ಲ ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಬೇಕು.

ಒಲೆಯಮುಂದೆ

ದೊಡ್ಡ ಪಾತ್ರೆಗಳಲ್ಲಿ ಅಡುಗೆ ಮಾಡುವುದು ನನ್ನ ಕಸುಬು. ನಮ್ಮಲ್ಲಿ ಇದಕ್ಕೆ ಚರ್ಚೆಯೇ ಇಲ್ಲ: ಬೇಳೆ ಬೆಂದು ಮಸೆಯುವ ಹದಕ್ಕೆ ಬರುವವರೆಗೆ ಹುಳಿಯ ಪಾತ್ರೆಯನ್ನು ಒಲೆಯ ಹತ್ತಿರಕ್ಕೂ ತರುವಂತಿಲ್ಲ. ಹದವನ್ನು ನೋಡುವುದು ಹೀಗೆ. ಸೌಟಿನಲ್ಲಿ ಸ್ವಲ್ಪ ಬೇಳೆ ತೆಗೆದು, ಇನ್ನೊಂದು ಸೌಟಿನ ಬೆನ್ನಿನಿಂದ ಮೃದುವಾಗಿ ಒತ್ತಿದಾಗ ಅದು ಅಂಚಿಲ್ಲದೆ ಹರಡಬೇಕು. ತಾವು ಹೇಳಿದ ಹಾಗೆ ಚೂರು ಚೂರಾಗಿ ಅಂಚು ಉಳಿದರೆ ಇನ್ನೂ ಕಾಯಬೇಕು. ಆ ಹಂತದಲ್ಲಿ ಹುಳಿ ಬಿದ್ದರೆ ಬೇಳೆ ಎಲ್ಲಿದೆಯೋ ಅಲ್ಲೇ ನಿಂತುಬಿಡುತ್ತದೆ. ಆಮೇಲೆ ಸೌದೆ ಸುಟ್ಟದ್ದಷ್ಟೇ ಲಾಭ.

ವಿಜ್ಞಾನಪ್ರಿಯ

ಇದಕ್ಕೆ ಕಾರಣ ಸರಳವಾಗಿದೆ. ಹಾಲಿಗೆ ಹುಳಿ ಹಿಂಡಿದರೆ ಒಡೆದು ಗಟ್ಟಿಯಾಗುವಂತೆ, ಬೇಳೆಯಲ್ಲಿರುವ ಪ್ರೋಟೀನು ಆಮ್ಲ ತಗುಲಿದಾಗ ಹೆಪ್ಪುಗಟ್ಟಿ ಬಿಗಿಯಾಗುತ್ತದೆ. ಬೇಳೆಯಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನು ಇರುವುದರಿಂದ ಅದು ಹೆಪ್ಪುಗಟ್ಟಿದರೆ ಕಾಳು ಕರಗುವುದಾದರೂ ಹೇಗೆ? ಇದೇ ಕಾರಣಕ್ಕೆ ಉಪ್ಪನ್ನೂ ಮೊದಲೇ ಹಾಕಬಾರದು. ಉಪ್ಪು ಕೂಡ ಕಾಳನ್ನು ಗಟ್ಟಿಗೊಳಿಸುತ್ತದೆ.

ಕೋಶಭಿತ್ತಿ

ವಿಜ್ಞಾನಪ್ರಿಯ ಅವರು ಹೇಳಿದ ಮೊದಲ ಮಾತಿನಲ್ಲಿ ಸತ್ಯಾಂಶವಿದೆ. ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆಯಾದ ಪಿಎಚ್ 4ರಿಂದ 5ರ ನಡುವೆ ಇದ್ದಾಗ ಬೇಳೆಯ ಪ್ರೋಟೀನು ನೀರಿನಲ್ಲಿ ಅತ್ಯಂತ ಕಡಿಮೆ ಕರಗುತ್ತದೆ ಎಂಬುದು ನಿಜ. ಆದರೆ ಬೇಳೆ ಇಡಿಯಾಗಿ ಉಳಿಯುವುದಕ್ಕೆ ಮುಖ್ಯ ಕಾರಣ ಅದಲ್ಲ ಎನ್ನುವುದಕ್ಕೆ ಒಂದು ಸುಲಭವಾದ ಆಧಾರವಿದೆ. ಹುಳಿಯೇ ಇಲ್ಲದೆ, ಕೇವಲ ಗಡಸು ನೀರಿನಲ್ಲಿ ಬೇಯಿಸಿದರೂ ಬೇಳೆ ಇದೇ ರೀತಿ, ಅಂದರೆ ಒಳಗೆ ಬೆಂದು ಹೊರಗೆ ಬಿಡದ ರೀತಿಯಲ್ಲಿ ನಿಲ್ಲುತ್ತದೆ. ಹೀಗಿರುವಾಗ ಹುಳಿಗೂ ಸುಣ್ಣದ ಅಂಶಕ್ಕೂ ಸಾಮಾನ್ಯವಾದ ಒಂದು ತಾಣ ಬೇಳೆಯೊಳಗೆ ಇರಲೇಬೇಕು. ಆ ತಾಣ ಪೆಕ್ಟಿನ್.

ಬೇಳೆಯ ಕಾಳು ಅಪಾರ ಸಂಖ್ಯೆಯ ಸೂಕ್ಷ್ಮ ಕೋಶಗಳಿಂದ ಆಗಿದೆ. ಪ್ರತಿ ಕೋಶದ ಒಳಗೆ ಪಿಷ್ಟ ಮತ್ತು ಪ್ರೋಟೀನು ತುಂಬಿಕೊಂಡಿರುತ್ತವೆ. ಪಕ್ಕಪಕ್ಕದ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್ ಎಂಬ ಉದ್ದನೆಯ ಸರಪಳಿಯಂಥ ವಸ್ತು. ಬೇಳೆ ಬೇಯುವಾಗ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಒಳಗಿನ ಪಿಷ್ಟವು ನೀರು ಹೀರಿ ಉಬ್ಬುವುದು ಒಂದು. ಇದಕ್ಕೆ 70 ಡಿಗ್ರಿಯ ಆಸುಪಾಸಿನ ಬಿಸಿ ಸಾಕು, ಹುಳಿ ಇದನ್ನು ಹೆಚ್ಚೇನೂ ತಡೆಯುವುದಿಲ್ಲ. ಅಂಟಾಗಿರುವ ಪೆಕ್ಟಿನ್ ಸರಪಳಿಗಳು ತುಂಡಾಗಿ ನೀರಿಗೆ ಬಿಟ್ಟುಕೊಂಡು ಕೋಶಗಳು ಬಿಡಿಬಿಡಿಯಾಗುವುದು ಇನ್ನೊಂದು. ಚೆನ್ನಾಗಿ ಬೆಂದ ಬೇಳೆಯನ್ನು ಬೆರಳ ನಡುವೆ ಉಜ್ಜಿದಾಗ ಸಿಗುವ ನಯವಾದ ಹಿಟ್ಟು ಹೆಚ್ಚಾಗಿ ಹೀಗೆ ಬೇರ್ಪಟ್ಟ, ಆದರೆ ಒಡೆಯದ ಕೋಶಗಳೇ. ತೆರೆದಪಾತ್ರೆ ಅವರ ಬೇಳೆಯಲ್ಲಿ ಮೊದಲನೆಯ ಕೆಲಸ ಮುಗಿದಿದೆ. ಅದಕ್ಕೇ ಬಿಳಿ ನಡುವೂ ಇಲ್ಲ, ಹಸಿವಾಸನೆಯೂ ಇಲ್ಲ. ಎರಡನೆಯ ಕೆಲಸ ನಿಂತುಹೋಗಿದೆ.

ಪೆಕ್ಟಿನ್ ತುಂಡಾಗುವ ವೇಗವು ನೀರಿನ ಹುಳಿಯನ್ನು ಅವಲಂಬಿಸಿರುತ್ತದೆ, ಆದರೆ ನೇರವಾದ ಏರಿಳಿತದಲ್ಲಿ ಅಲ್ಲ. ಹುಳಿಯಿಲ್ಲದ ನೀರಿನಲ್ಲಿ ಬೇಳೆ ಕುದಿಯುವಾಗ ಪಿಎಚ್ 6ರ ಮೇಲಿರುತ್ತದೆ. ಅಲ್ಲಿ ಸರಪಳಿ ಒಂದು ಬಗೆಯಲ್ಲಿ ತುಂಡಾಗುತ್ತದೆ, ನೀರು ಕ್ಷಾರದ ಕಡೆಗೆ ಹೋದಷ್ಟೂ ಅದರ ವೇಗ ಏರುತ್ತದೆ. ಪಿಎಚ್ 3ಕ್ಕಿಂತ ಕೆಳಗಿನ ತೀವ್ರ ಆಮ್ಲದಲ್ಲಿ ಅದು ಬೇರೆಯೇ ಬಗೆಯಲ್ಲಿ ತುಂಡಾಗುತ್ತದೆ. ಈ ಎರಡರ ನಡುವೆ, ಅಂದರೆ 4ರ ಆಸುಪಾಸಿನಲ್ಲಿ, ಎರಡೂ ದಾರಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ಟೊಮೆಟೊದ ಪಿಎಚ್ 4.2ರಿಂದ 4.6ರವರೆಗೆ ಇರುತ್ತದೆ. ಹುಣಸೆಯ ರಸ ಅದಕ್ಕಿಂತ ಹುಳಿಯಾದರೂ, ಬೇಳೆಯ ಪ್ರೋಟೀನು ಆ ಹುಳಿಯ ಒಂದು ಪಾಲನ್ನು ತಾನೇ ಹಿಡಿದಿಟ್ಟುಕೊಳ್ಳುವುದರಿಂದ ಪಾತ್ರೆಯೊಳಗಿನ ನೀರು ಸಾಮಾನ್ಯವಾಗಿ ಅದೇ 4ರ ಸುತ್ತಮುತ್ತ ಬಂದು ನಿಲ್ಲುತ್ತದೆ. ಬೇಳೆ ಗಟ್ಟಿಯಾಗಿ ಉಳಿಯಲಿ ಎಂದೇ ಬಯಸುವವರು ಕೂಡ ಇದಕ್ಕಿಂತ ಒಳ್ಳೆಯ ಜಾಗವನ್ನು ಆರಿಸಲಾರರು.

ಗಡಸು ನೀರಿನ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇದೇ ಪೆಕ್ಟಿನ್ ಸರಪಳಿಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಉಪ್ಪಿನ ಬಗ್ಗೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಉಪ್ಪಿನಲ್ಲಿರುವ ಸೋಡಿಯಂ ಪೆಕ್ಟಿನ್ನಿನಲ್ಲಿ ಕ್ಯಾಲ್ಸಿಯಂ ಕುಳಿತಿರುವ ಸ್ಥಾನವನ್ನು ಒಂದಿಷ್ಟು ತೆರವುಗೊಳಿಸುವುದರಿಂದ, ನೆನೆಸುವ ನೀರಿಗೆ ಉಪ್ಪು ಹಾಕಿದರೆ ಕಾಳು ಮೆತ್ತಗಾಗಲು ಅನುಕೂಲವೇ ಆಗುತ್ತದೆ.

ವಿಜ್ಞಾನಪ್ರಿಯ

ಉಪ್ಪಿನ ವಿಷಯದಲ್ಲಿ ತಲೆತಲಾಂತರದಿಂದ ಬಂದ ಅನುಭವವನ್ನು ಹೀಗೆ ಒಂದೇ ವಾಕ್ಯದಲ್ಲಿ ತಳ್ಳಿಹಾಕುವುದು ಸರಿಯೆನಿಸುವುದಿಲ್ಲ. ಪ್ರೋಟೀನಿನ ಬಗ್ಗೆ ತಾವು ಹೇಳಿದ್ದನ್ನು ಒಪ್ಪುತ್ತೇನೆ.

ಸಂಜೆಪಾಳಿ

ನನ್ನ ಅನುಭವ ಇದಕ್ಕೆ ಪೂರ್ತಿ ವಿರುದ್ಧವಾಗಿದೆ. ಕೆಲಸ ಮುಗಿಸಿ ಬಂದು ಕುಕ್ಕರಿನಲ್ಲಿ ಬೇಳೆ, ನೀರು, ಟೊಮೆಟೊ ಎಲ್ಲವನ್ನೂ ಒಟ್ಟಿಗೇ ಹಾಕಿ ಕೂಗಿಸುತ್ತೇನೆ. ಬೇಳೆ ಬೆಣ್ಣೆಯ ಹಾಗೆ ಬೆಂದಿರುತ್ತದೆ. ಹಾಗಾದರೆ ಪಿಎಚ್ 4ರ ಕಥೆ ನನ್ನ ಕುಕ್ಕರಿಗೆ ಗೊತ್ತಿಲ್ಲವೇ?

ಕೋಶಭಿತ್ತಿ

ಸಂಜೆಪಾಳಿಯವರೇ, ತಮ್ಮ ಕುಕ್ಕರಿಗೂ ಅದು ಗೊತ್ತಿದೆ, ಆದರೆ ಅದರ ಕೈಯಲ್ಲಿ ಬೇರೊಂದು ಅಸ್ತ್ರವಿದೆ. ಪೂರ್ಣ ಒತ್ತಡ ಬಂದ ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿಯಲ್ಲಿರುತ್ತದೆ, ತೆರೆದ ಪಾತ್ರೆಯಲ್ಲಿ 100 ಡಿಗ್ರಿಯನ್ನು ದಾಟುವುದಿಲ್ಲ. ಇಂಥ ಕ್ರಿಯೆಗಳ ವೇಗ ಪ್ರತಿ 10 ಡಿಗ್ರಿಗೆ ಸ್ಥೂಲವಾಗಿ ಎರಡರಿಂದ ಮೂರು ಪಟ್ಟು ಏರುತ್ತದೆ. 20 ಡಿಗ್ರಿಗೆ ನಾಲ್ಕರಿಂದ ಒಂಬತ್ತು ಪಟ್ಟಾಯಿತು. ಹುಳಿಯಿಂದ ನಿಧಾನವಾದದ್ದನ್ನು ಆ ಬಿಸಿ ತುಂಬಿಕೊಡುತ್ತದೆ. ಜೊತೆಗೆ ಕುಕ್ಕರಿನಲ್ಲಿ ಕಲಕುವ ಅವಕಾಶವಿಲ್ಲದ ಕಾರಣ, ಮೇಲೆ ಇಟ್ಟ ಟೊಮೆಟೊದ ರಸವು ತಳದಲ್ಲಿರುವ ಬೇಳೆಯನ್ನು ತಲುಪಲು ಸ್ವಲ್ಪ ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಒಂದಿಷ್ಟು ಕೆಲಸ ಮುಗಿದಿರುತ್ತದೆ. ಟೊಮೆಟೊದ ಬದಲು ನಿಂಬೆಗಾತ್ರದ ಹುಣಸೆಯನ್ನು ಕಿವುಚಿ ಹಾಕಿ, ಬೇಳೆಯ ಬದಲು ಇಡೀ ಕಾಳನ್ನು ಹಾಕಿ ನೋಡಿದರೆ ಕುಕ್ಕರಿನಲ್ಲಿಯೂ ವ್ಯತ್ಯಾಸ ಎದ್ದು ಕಾಣುತ್ತದೆ.

ಒಲೆಯಮುಂದೆ

ಬೇಳೆಯ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಕೆಂಪು ಮಸೂರಬೇಳೆ ತೆಳ್ಳಗಿರುವುದರಿಂದ ಸ್ವಲ್ಪ ಹುಳಿಯನ್ನು ಲೆಕ್ಕಿಸದೆ ಕರಗಿಬಿಡುತ್ತದೆ. ಕಡಲೆಬೇಳೆ ಕ್ಷಮಿಸುವುದಿಲ್ಲ.

ಹೊಟ್ಟೆಗಾಗಿ

ಸೋಡಾದ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ಬೇಳೆ ತಿಂದರೆ ನನಗೆ ಹೊಟ್ಟೆಯುಬ್ಬರ ಆಗುತ್ತದೆ. ಬೇಯಿಸುವಾಗ ಸೋಡಾ ಹಾಕಿದರೆ ಗ್ಯಾಸ್ ಕಡಿಮೆಯಾಗುತ್ತದೆ ಎನ್ನುತ್ತಾರಲ್ಲ, ಎಷ್ಟು ಹಾಕಬೇಕು? ಹುಳಿ ಹಾಕುವುದರಿಂದ ಅಜೀರ್ಣ ಆಗುತ್ತದೆ ಎಂಬುದೇ ಈ ಚರ್ಚೆಯ ಸಾರವೇ?

ತೆರೆದಪಾತ್ರೆ

ಇಲ್ಲ, ಇಲ್ಲಿ ಚರ್ಚೆ ನಡೆಯುತ್ತಿರುವುದು ಬೇಳೆ ಮೆತ್ತಗಾಗದೆ ಇರುವುದರ ಬಗ್ಗೆ, ಅದು ಜೀರ್ಣವಾಗುವುದರ ಬಗ್ಗೆ ಅಲ್ಲ. ಹೊಟ್ಟೆಯುಬ್ಬರಕ್ಕೆ ಬಹುಪಾಲು ಕಾರಣ ಬೇಳೆಯಲ್ಲಿರುವ, ನಮ್ಮ ಕರುಳು ಅರಗಿಸಲಾರದ ಕೆಲವು ಸಕ್ಕರೆಗಳು ಎಂದು ಓದಿದ್ದೇನೆ. ಅವು ನೀರಿನಲ್ಲಿ ಕರಗುವುದರಿಂದ ನೆನೆಸಿದ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿ ನೋಡಬಹುದು.

ಜಲಪರೀಕ್ಷೆ

ನೀರಿನ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನಾದ್ದರಿಂದ ಆ ಭಾಗದ ಬಗ್ಗೆ ಮಾತ್ರ ಹೇಳುತ್ತೇನೆ. ಟಿಡಿಎಸ್ ಮೀಟರಿನ 700 ಎಂಬ ಅಂಕಿಯಿಂದ ನೀರು ಗಡಸು ಎಂದು ತೀರ್ಮಾನಿಸಲು ಬರುವುದಿಲ್ಲ. ಆ ಮೀಟರು ನೀರಿನಲ್ಲಿ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ಅಳೆದು, ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜನ್ನು ಕೊಡುತ್ತದೆ. ಅದರಲ್ಲಿ ಸೋಡಿಯಂ ಎಷ್ಟು, ಕ್ಯಾಲ್ಸಿಯಂ ಎಷ್ಟು ಎಂಬುದು ಅದಕ್ಕೆ ತಿಳಿಯದು. ಬೇಳೆಗೆ ಸೋಡಿಯಂನಿಂದ ತೊಂದರೆಯಿಲ್ಲ; ತೊಂದರೆ ಕೊಡುವವು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಹೀಗಾಗಿ 700 ತೋರಿಸುವ ಒಂದು ನೀರಿನಲ್ಲಿ ಬೇಳೆ ಚೆನ್ನಾಗಿ ಬೇಯಬಹುದು, 400 ತೋರಿಸುವ ಇನ್ನೊಂದರಲ್ಲಿ ಸತಾಯಿಸಬಹುದು. ಗಡಸುತನವನ್ನೇ ಅಳೆಯುವ, ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯ ಪೆಟ್ಟಿಗೆ ಬೇರೆ ಸಿಗುತ್ತದೆ. ಅದೂ ಇಲ್ಲದಿದ್ದರೆ ಸೋಪಿನ ಬಿಲ್ಲೆ ಸಾಕು: ನೊರೆ ಬರಲು ಹಟ ಮಾಡಿ, ನೀರಿನ ಮೇಲೆ ಬೂದು ಬಣ್ಣದ ಕೆನೆ ಕಟ್ಟಿದರೆ ನೀರು ಗಡಸಾಗಿದೆ ಎಂದರ್ಥ.

ಗಡಸುತನ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಲೀಟರಿಗೆ 300 ಮಿಲಿಗ್ರಾಂ ಎಂದು ವರದಿಯಲ್ಲಿ ಬರೆದಿದ್ದರೆ, ಅದೆಲ್ಲವೂ ಕ್ಯಾಲ್ಸಿಯಂನಿಂದಲೇ ಬಂದದ್ದು ಎಂದುಕೊಂಡರೆ, ಒಂದು ಲೀಟರಿನಲ್ಲಿ 120 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದಾಗುತ್ತದೆ. 200 ಗ್ರಾಂ ಬೇಳೆಯಲ್ಲಿ ಸಹಜವಾಗಿರುವ ಕ್ಯಾಲ್ಸಿಯಂ ಕೂಡ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ್ದು. ಆದ್ದರಿಂದ ನೀರಿನಿಂದ ಬರುವ ಪಾಲು ಅಲಕ್ಷಿಸುವಂಥದ್ದಲ್ಲ.

ಗಡಸುತನದಲ್ಲಿ ಎರಡು ಬಗೆಯಿದ್ದು, ಅಡುಗೆಯವರಿಗೆ ಇವುಗಳ ವ್ಯತ್ಯಾಸ ಬಹಳ ಮುಖ್ಯ. ಬೈಕಾರ್ಬೊನೇಟಿನ ಜೊತೆಗಿರುವ ಕ್ಯಾಲ್ಸಿಯಂ, ನೀರನ್ನು ಕುದಿಸಿದಾಗ ಸುಣ್ಣದ ಗಸಿಯಾಗಿ ಪಾತ್ರೆಯ ತಳಕ್ಕೆ ಕೂರುತ್ತದೆ. ಇದನ್ನು ತಾತ್ಕಾಲಿಕ ಗಡಸುತನ ಎನ್ನುತ್ತೇವೆ. ಸಲ್ಫೇಟು, ಕ್ಲೋರೈಡುಗಳ ಜೊತೆಗಿರುವುದು ಎಷ್ಟು ಕುದಿಸಿದರೂ ಹೋಗುವುದಿಲ್ಲ. ನೀರು ಕಾಯಿಸುವ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ನಿಮ್ಮದು ಬಹುಮಟ್ಟಿಗೆ ಮೊದಲನೆಯ ಬಗೆ. ಹಾಗಿದ್ದಲ್ಲಿ ನೀರನ್ನು ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಆರಲು ಬಿಟ್ಟು, ತಳದ ಗಸಿ ಕದಡದಂತೆ ಮೇಲಿನ ತಿಳಿಯನ್ನು ಬಸಿದುಕೊಂಡು ಬೇಳೆಗೆ ಬಳಸಿರಿ. ಬೇಳೆಯನ್ನು ಹಾಕಿಯೇ ಕುದಿಸಿದರೆ ಈ ಲಾಭ ಪೂರ್ತಿ ಸಿಗುವುದಿಲ್ಲ, ಏಕೆಂದರೆ ಗಸಿಯಾಗಿ ಕೂರುವ ಮೊದಲೇ ಕ್ಯಾಲ್ಸಿಯಂನ ಒಂದು ಭಾಗವನ್ನು ಬೇಳೆ ಹೀರಿಕೊಂಡಿರುತ್ತದೆ. ಇನ್ನು ಹುಳಿ ಬಿದ್ದ ನೀರಿನಲ್ಲಂತೂ ಸುಣ್ಣದ ಗಸಿ ಕೂರುವ ಪ್ರಶ್ನೆಯೇ ಇಲ್ಲ. ಹುಳಿಯು ಆ ಬೈಕಾರ್ಬೊನೇಟನ್ನು ಮೊದಲೇ ಗಾಳಿಗೆ ತೂರಿರುತ್ತದೆ.

ಸಂಜೆಪಾಳಿ

ನಮ್ಮ ಮನೆಯಲ್ಲಿ ಆರ್‌ಒ ನೀರನ್ನೇ ಅಡುಗೆಗೆ ಬಳಸುತ್ತೇವೆ. ನನ್ನ ಬೇಳೆ ಬೆಣ್ಣೆಯಾಗುವುದಕ್ಕೆ ಕುಕ್ಕರಿನ ಜೊತೆಗೆ ಅದೂ ಕಾರಣವೇ?

ಜಲಪರೀಕ್ಷೆ

ಖಂಡಿತವಾಗಿ ಕಾರಣ. ಆ ನೀರಿನಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ ಉಳಿದಿರುತ್ತದೆ. ತೆರೆದಪಾತ್ರೆ ಅವರು ಕೂಡ ಇದನ್ನೇ ಪರೀಕ್ಷೆಗೆ ಬಳಸಬಹುದು. ಒಂದೇ ಚೀಲದ ಬೇಳೆಯನ್ನು ಎರಡು ಸಮಾನ ಪಾತ್ರೆಗಳಲ್ಲಿ, ಒಂದಕ್ಕೆ ಕೊಳವೆಬಾವಿಯ ನೀರು, ಇನ್ನೊಂದಕ್ಕೆ ಅಷ್ಟೇ ಆರ್‌ಒ ನೀರು ಹಾಕಿ, ಹುಳಿ ಸೇರಿಸದೆ ಒಟ್ಟಿಗೆ ಒಲೆಗೇರಿಸಿರಿ. ಆರ್‌ಒ ನೀರಿನದು ಮೊದಲು ಬೆಂದರೆ ದೋಷ ನೀರಿನದು. ಎರಡೂ ಚೆನ್ನಾಗಿ ಬೆಂದರೆ ದೋಷ ಹುಳಿಯದು. ಎರಡೂ ಬೇಯದಿದ್ದರೆ ಬೇಳೆಯನ್ನೇ ಅನುಮಾನಿಸಬೇಕು.

ತೆರೆದಪಾತ್ರೆ

ತುಂಬಾ ಉಪಕಾರವಾಯಿತು. ಈ ಪರೀಕ್ಷೆಯನ್ನು ಮಾಡಿಯೇ ತೀರುತ್ತೇನೆ. ಆದರೆ ಸೋಡಾದ ಪ್ರಶ್ನೆ ಹಾಗೆಯೇ ಉಳಿಯಿತು. ಕ್ಷಾರದಲ್ಲಿ ಪೆಕ್ಟಿನ್ ಬೇಗ ತುಂಡಾಗುತ್ತದೆ ಎಂದಮೇಲೆ ನಾನು ಹಾಕಿದ ಚಿಟಿಕೆ ಸೋಡಾ ಯಾಕೆ ವ್ಯರ್ಥವಾಯಿತು?

ಕೋಶಭಿತ್ತಿ

ಇದಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ. ನಿಂಬೆಗಾತ್ರದ ಹುಣಸೆಯಲ್ಲಿ ಬೀಜ, ನಾರು ಕಳೆದು 20 ಗ್ರಾಂ ತಿರುಳಿತ್ತು ಎಂದುಕೊಳ್ಳೋಣ. ಹುಣಸೆಯ ತಿರುಳಿನಲ್ಲಿ ಟಾರ್ಟಾರಿಕ್ ಆಮ್ಲವು ನೂರಕ್ಕೆ 8ರಿಂದ 18ರವರೆಗೆ ಇರುತ್ತದೆ. ನಡುವಿನ ಅಂಕಿಯಾಗಿ 12 ಎಂದು ಹಿಡಿದರೆ 2.4 ಗ್ರಾಂ ಆಮ್ಲವಾಯಿತು. ಒಂದು ಗ್ರಾಂ ಟಾರ್ಟಾರಿಕ್ ಆಮ್ಲವನ್ನು ಪೂರ್ತಿ ತಣಿಸಲು ಸುಮಾರು 1.1 ಗ್ರಾಂ ಅಡುಗೆ ಸೋಡಾ ಬೇಕು. ಅಲ್ಲಿಗೆ 2.7 ಗ್ರಾಂ ಸೋಡಾ ಆಯಿತು, ಅಂದರೆ ಮಟ್ಟಸವಾದ ಅರ್ಧ ಟೀ ಚಮಚಕ್ಕಿಂತ ತುಸು ಹೆಚ್ಚು. ಹುಣಸೆಯ ಆಮ್ಲದಲ್ಲಿ ಒಂದು ಪಾಲು ಮೊದಲೇ ಪೊಟ್ಯಾಸಿಯಂ ಜೊತೆ ಸೇರಿಕೊಂಡಿರುವುದರಿಂದ ನಿಜವಾಗಿ ಬೇಕಾಗುವುದು ಇದಕ್ಕಿಂತ ಕಡಿಮೆ, ಟೊಮೆಟೊದ ಆಮ್ಲವನ್ನು ಸೇರಿಸಿದರೆ ಮತ್ತೆ ಹೆಚ್ಚು. ಹೇಗೆ ನೋಡಿದರೂ ಕಾಲು ಗ್ರಾಮಿನಷ್ಟಿರುವ ಒಂದು ಚಿಟಿಕೆಗೂ ಇದಕ್ಕೂ ಅಜಗಜಾಂತರವಿದೆ. ತಮ್ಮ ಚಿಟಿಕೆ ಸೋಡಾವನ್ನು ಹುಳಿಯು ನುಂಗಿತು, ನೊರೆಯಾಗಿ ಹೋದದ್ದು ಅದೇ. ಪೆಕ್ಟಿನ್ನಿನವರೆಗೆ ಏನೂ ಉಳಿಯಲಿಲ್ಲ.

ಬೇಕಾದಷ್ಟು ಸೋಡಾ ಹಾಕಿ ಹುಳಿಯನ್ನು ಪೂರ್ತಿ ತಣಿಸಬಹುದು, ಬೇಳೆಯೂ ಆಗ ಬೇಯುತ್ತದೆ. ಆದರೆ ಹುಳಿಯೇ ಇಲ್ಲದ, ಉಪ್ಪುಪ್ಪಾದ ಸಾರು ಸಿಗುತ್ತದೆ. ಮತ್ತೆ ಹುಣಸೆ ಹಾಕಬೇಕು. ಅದಕ್ಕಿಂತ, ಬೇಯದೆ ನಿಂತ ಬೇಳೆಯನ್ನು ಬಸಿದು, ಹುಳಿನೀರನ್ನು ಬೇರೆ ತೆಗೆದಿಟ್ಟು, ಬೇಳೆಯನ್ನು ಒಮ್ಮೆ ತೊಳೆದು ಹೊಸ ನೀರಿನಲ್ಲಿ ಬೇಯಿಸಿ, ಕೊನೆಗೆ ಅದೇ ಹುಳಿನೀರನ್ನು ಸೇರಿಸುವುದು ಲೇಸು. ಬೆಂದ ಮೇಲೆ ಹುಳಿ ಬಿದ್ದರೆ ಬೇಳೆ ಮತ್ತೆ ಗಟ್ಟಿಯಾಗುವುದಿಲ್ಲ, ಏಕೆಂದರೆ ಒಮ್ಮೆ ತುಂಡಾದ ಸರಪಳಿಗಳನ್ನು ಹುಳಿ ಮರಳಿ ಬೆಸೆಯಲಾರದು.

ಜಲಪರೀಕ್ಷೆ

ಇದಕ್ಕೆ ಹೋಲಿಸಿದರೆ ಗಡಸು ನೀರಿಗೆ ಬೇಕಾಗುವ ಸೋಡಾ ಬಹಳ ಕಡಿಮೆ. ಮೇಲೆ ಹೇಳಿದ 300 ಮಿಲಿಗ್ರಾಂ ಗಡಸುತನವಿಡೀ ಕುದಿಸಿದರೂ ಹೋಗದ ಬಗೆಯದು ಎಂದುಕೊಂಡರೂ, ಒಂದು ಲೀಟರಿನ ಕ್ಯಾಲ್ಸಿಯಂ ಅನ್ನು ಗಸಿಯಾಗಿ ಕೂರಿಸಲು ಲೆಕ್ಕದ ಪ್ರಕಾರ ಅರ್ಧ ಗ್ರಾಂ ಸೋಡಾ ಸಾಕು. ಅದು ಟೀ ಚಮಚದ ಹತ್ತನೆಯ ಒಂದು ಭಾಗ. ಸೋಡಾ ಹಾಕಿದ ನೀರನ್ನು ಬೇಳೆಗೆ ಮೊದಲೇ ಕುದಿಸಿಕೊಳ್ಳಬೇಕು ಎಂಬುದನ್ನು ಮರೆಯಬಾರದು. ಮೆಗ್ನೀಸಿಯಂ ಮಾತ್ರ ಇಷ್ಟು ಸುಲಭವಾಗಿ ಬಗ್ಗುವುದಿಲ್ಲ.

ಒಲೆಯಮುಂದೆ

ಸೋಡಾದ ಲೆಕ್ಕ ಕಾಗದದ ಮೇಲೆ ಚೆಂದವಾಗಿದೆ. ಒಲೆಯ ಮುಂದೆ ನಿಂತಾಗ ಸೋಡಾ ಒಂದು ಕಾಳಷ್ಟು ಹೆಚ್ಚಾದರೂ ಬೇಳೆ ಲೋಳೆಯಾಗುತ್ತದೆ, ಬಾಯಲ್ಲಿ ಸೋಪಿನ ರುಚಿ ಉಳಿಯುತ್ತದೆ, ತೊಗರಿಯ ಪರಿಮಳ ಸತ್ತುಹೋಗುತ್ತದೆ. ನನ್ನ ಅಡುಗೆಮನೆಯಲ್ಲಿ ಬೇಳೆಗೆ ಸೋಡಾ ಹಾಕುವವರನ್ನು ನಾನು ಒಲೆಯ ಹತ್ತಿರ ಬಿಡುವುದಿಲ್ಲ. ಮೂರು ಗಂಟೆ ನೆನೆಸಿದರೆ ಆಗುವ ಕೆಲಸಕ್ಕೆ ಅವಸರ ಬೇಕಿಲ್ಲ.

ಕೋಶಭಿತ್ತಿ

ರುಚಿಯ ಮಾತನ್ನು ಒಪ್ಪುತ್ತೇನೆ. ಕ್ಷಾರದಲ್ಲಿ ಬಿ1 ಜೀವಸತ್ವವೂ ಬೇಗ ಹಾಳಾಗುತ್ತದೆ. ಆದರೆ ಸೋಡಾ ಹೆಚ್ಚಾಗಿದೆಯೋ ಇಲ್ಲವೋ ಎಂಬುದನ್ನು ನಾಲಿಗೆಗಿಂತ ಮೊದಲು ಕಣ್ಣಿಗೆ ತೋರಿಸುವ ವಸ್ತು ಪಾತ್ರೆಯಲ್ಲೇ ಇರುತ್ತದೆ, ಅದು ಅರಿಸಿನ. ಹುಳಿಯಲ್ಲಿ ಮತ್ತು ಸಾಧಾರಣ ನೀರಿನಲ್ಲಿ ಅರಿಸಿನ ಹಳದಿಯಾಗಿಯೇ ಇರುತ್ತದೆ. ನೀರಿನ ಪಿಎಚ್ 8ರ ಆಸುಪಾಸಿಗೆ ಏರಿದಾಗ ಕಿತ್ತಳೆಗೆ ತಿರುಗಿ, ಇನ್ನೂ ಏರಿದರೆ ಕೆಂಪಾಗುತ್ತದೆ. ಬೇಳೆಯ ಮೇಲಿನ ನೊರೆಯ ಅಂಚಿನಲ್ಲಿ, ಪಾತ್ರೆಯ ಗೋಡೆಗೆ ಅಂಟಿದ ಕಡೆ ಈ ಬಣ್ಣ ಮೊದಲು ಕಾಣಿಸಿಕೊಳ್ಳುತ್ತದೆ. ನೊರೆ ಕೆಂಪಡರಿದ ಪಾತ್ರೆಯಲ್ಲಿ ಸೋಡಾ ಮಿತಿಮೀರಿದೆ. ಅರಿಸಿನ ಹಳದಿಯಾಗಿಯೇ ಇದ್ದು ಬೇಳೆ ಮೆತ್ತಗಾಗುತ್ತಿದ್ದರೆ ಸೋಡಾ ಹದವಾಗಿದೆ ಎನ್ನಬಹುದು. ಒಲೆಯಮುಂದೆ ಅವರು ಒಲೆಯಿಂದ ಓಡಿಸಿದವರಲ್ಲಿ ಯಾರಾದರೂ ಇದನ್ನು ಗಮನಿಸಿರಲೂಬಹುದು.

ಒಲೆಯಮುಂದೆ

ಕೆಂಪು ನೊರೆಯನ್ನು ನೋಡಿದ್ದೇನೆ, ಕಾರಣ ಈಗ ತಿಳಿಯಿತು. ಆದರೂ ಒಲೆಯ ಹತ್ತಿರ ಬಿಡುವುದಿಲ್ಲ.

ವಿಜ್ಞಾನಪ್ರಿಯ

ಬೆಲ್ಲದ ಬಗ್ಗೆ ಯಾರೂ ಮಾತನಾಡಲಿಲ್ಲ. ಹುಳಿಯ ಜೊತೆ ಬೆಲ್ಲವನ್ನೂ ಮೊದಲೇ ಹಾಕಿದರೆ ಬೇಳೆ ಇನ್ನೂ ಬಿಗಿಯಾಗುತ್ತದೆ ಎಂಬುದನ್ನು ಗಮನಿಸಿದ್ದೇನೆ. ಬೆಲ್ಲವೂ ಆಮ್ಲವೇ?

ಕೋಶಭಿತ್ತಿ

ಬೆಲ್ಲವನ್ನು ತಯಾರಿಸುವಾಗ ಕಬ್ಬಿನ ಹಾಲಿಗೆ ಸುಣ್ಣ ಸೇರಿಸಿ ತಿಳಿಗೊಳಿಸುವುದುಂಟು, ಹಾಗಾಗಿ ಅದರಲ್ಲಿ ಕ್ಯಾಲ್ಸಿಯಂ ಸಾಕಷ್ಟಿರುತ್ತದೆ. ಸಕ್ಕರೆಯ ಅಂಶವೂ ಮೆತ್ತಗಾಗುವುದನ್ನು ನಿಧಾನಿಸುತ್ತದೆ. ಹೀಗೆ ತಮ್ಮ ಗಮನಿಕೆ ಸರಿಯಾಗಿಯೇ ಇದೆ, ಆದರೆ ಕಾರಣ ಆಮ್ಲವಲ್ಲ. ಡಬ್ಬಿಯಲ್ಲಿ ಬರುವ ಟೊಮೆಟೊ ತುಂಡುಗಳದ್ದೂ ಇದೇ ಕಥೆ. ತುಂಡುಗಳು ಕರಗದೆ ಆಕಾರ ಉಳಿಸಿಕೊಳ್ಳಲೆಂದು ಅವುಗಳಿಗೆ ಹಲವು ತಯಾರಕರು ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸುತ್ತಾರೆ. ಅಂಥ ಡಬ್ಬಿಯನ್ನು ಬೇಳೆಗೆ ಮೊದಲೇ ಸುರಿದರೆ ಹುಳಿ, ಸುಣ್ಣದಂಶ ಎರಡೂ ಒಟ್ಟಿಗೆ ಬಿದ್ದಂತಾಗುತ್ತದೆ. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ 509 ಎಂಬ ಸಂಖ್ಯೆಯಿದ್ದರೆ ಅದೇ ಇದು.

ತೆರೆದಪಾತ್ರೆ

ಜಲಪರೀಕ್ಷೆ ಅವರು ಹೇಳಿದಂತೆ ಎರಡು ಪಾತ್ರೆಗಳ ಪರೀಕ್ಷೆ ಮಾಡಿದೆ; ಜೊತೆಗೆ ಕುದಿಸಿ ಬಸಿದ ಕೊಳವೆಬಾವಿ ನೀರಿನದೊಂದು ಮೂರನೆಯ ಪಾತ್ರೆಯನ್ನೂ ಇಟ್ಟೆ. ಯಾವುದಕ್ಕೂ ಹುಳಿ ಹಾಕಲಿಲ್ಲ. ಆರ್‌ಒ ನೀರಿನ ಬೇಳೆ ಎಲ್ಲಕ್ಕಿಂತ ಮೊದಲು ಸೌಟಿನ ಬೆನ್ನಿಗೆ ಅಂಚಿಲ್ಲದೆ ಹರಡಿತು. ಕುದಿಸಿ ಬಸಿದ ನೀರಿನದು ಸ್ವಲ್ಪವೇ ಹಿಂದಿತ್ತು. ಹಸಿ ಕೊಳವೆಬಾವಿ ನೀರಿನದು ಬಹಳ ತಡವಾಯಿತು, ಆದರೂ ಕೊನೆಗೆ ಬೆಂದಿತು. ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬೆರಳಿಗೆ ಅಂಟುವ ಬಿಳಿ ಪುಡಿ ಕೂತಿತ್ತು. ಹಾಗಾದರೆ ನೀರು ತಡಮಾಡಿತು, ಹುಳಿ ಪೂರ್ತಿ ನಿಲ್ಲಿಸಿತು ಎಂದು ಅರ್ಥಮಾಡಿಕೊಳ್ಳಬಹುದೇ? ಇನ್ನೊಂದು ಸಂಗತಿ: ಹಳೆಯ ಡಬ್ಬಿಯಲ್ಲಿ ಉಳಿದಿದ್ದ ಬೇಳೆಯನ್ನು ಆರ್‌ಒ ನೀರಿನಲ್ಲಿ ಬೇಯಿಸಿದರೂ ಅದು ಹೊಸದರ ಹಾಗೆ ಕರಗಲಿಲ್ಲ.

ಕೋಶಭಿತ್ತಿ

ತಮ್ಮ ಅರ್ಥ ಸರಿಯಾಗಿದೆ, ಒಂದು ತಿದ್ದುಪಡಿಯೊಂದಿಗೆ: ಹುಳಿಯೂ ಪೂರ್ತಿ ನಿಲ್ಲಿಸುವುದಿಲ್ಲ, ಒಲೆಯ ಮುಂದೆ ಯಾರೂ ಕಾಯಲಾರದಷ್ಟು ನಿಧಾನಿಸುತ್ತದೆ.

ಹಳೆಯ ಬೇಳೆಯದು ಇದೇ ಕ್ಯಾಲ್ಸಿಯಂನ ಇನ್ನೊಂದು ಮುಖ. ಬೇಳೆಯೊಳಗೆ ಫೈಟೇಟ್ ಎಂಬ ವಸ್ತುವಿದ್ದು, ಅದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ತನ್ನಲ್ಲಿ ಹಿಡಿದಿಟ್ಟುಕೊಂಡಿರುತ್ತದೆ. ಸೆಕೆ ಮತ್ತು ತೇವ ಇರುವ ಜಾಗದಲ್ಲಿ ಬೇಳೆಯನ್ನು ತಿಂಗಳುಗಟ್ಟಲೆ ಇಟ್ಟರೆ ಫೈಟೇಟ್ ಕ್ರಮೇಣ ಒಡೆದು, ಬಿಡುಗಡೆಯಾದ ಕ್ಯಾಲ್ಸಿಯಂ ಪೆಕ್ಟಿನ್ನಿಗೆ ಹೋಗಿ ಸರಪಳಿಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಹೊರಗಿನ ನೀರು ಎಷ್ಟೇ ಮೆದುವಾಗಿದ್ದರೂ ಗಡಸುತನ ಆಗ ಕಾಳಿನ ಒಳಗೇ ಇರುತ್ತದೆ. ಇಂಥ ಬೇಳೆಗೆ ಉಪ್ಪು ಮತ್ತು ಕಾಲು ಟೀ ಚಮಚಕ್ಕಿಂತ ಕಡಿಮೆ ಸೋಡಾ ಹಾಕಿದ ಒಂದು ಲೀಟರ್ ನೀರಿನಲ್ಲಿ ಕೆಲವು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ಮೆದು ನೀರಿನಲ್ಲಿ ಬೇಯಿಸಿದರೆ ಸ್ವಲ್ಪ ಮಟ್ಟಿಗೆ ದಾರಿಗೆ ಬರುತ್ತದೆ. ಸೋಡಾ ನೆನೆಸುವ ನೀರಿನಲ್ಲೇ ಉಳಿದುಹೋಗುವುದರಿಂದ ರುಚಿಗೂ ಅಷ್ಟಾಗಿ ಕೆಡುಕಿಲ್ಲ.

ವಿಜ್ಞಾನಪ್ರಿಯ

ನೆನೆಸುವ ನೀರಿಗೆ ಉಪ್ಪು ಎನ್ನುತ್ತೀರಿ, ನಾನು ಹೇಳಿದ್ದು ಬೇಯಿಸುವ ನೀರಿನ ಉಪ್ಪಿನ ಬಗ್ಗೆ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಇರುತ್ತದೆ ಎನ್ನುವುದಾದರೂ ಸುಳ್ಳಲ್ಲವಷ್ಟೆ?

ಜಲಪರೀಕ್ಷೆ

ಸುಳ್ಳಲ್ಲ. ಶುದ್ಧೀಕರಿಸದ ಕಲ್ಲುಪ್ಪು ತೇವ ಹೀರಿ ಒದ್ದೆಯಾಗುವುದಕ್ಕೆ ಅದರಲ್ಲಿರುವ ಮೆಗ್ನೀಸಿಯಂ ಕ್ಲೋರೈಡೇ ಕಾರಣ. ಆದರೆ ಒಂದು ಲೀಟರಿಗೆ ಹಾಕುವ ಒಂದೆರಡು ಚಮಚ ಉಪ್ಪಿನಿಂದ ಬರುವ ಮೆಗ್ನೀಸಿಯಂ, ಅದೇ ಉಪ್ಪಿನ ಸೋಡಿಯಂ ಎದುರು ಎಷ್ಟು ತೂಗುತ್ತದೆ ಎಂಬುದನ್ನು ಒಂದೇ ಬೇಳೆ, ಒಂದೇ ನೀರಿನಲ್ಲಿ, ಕಲ್ಲುಪ್ಪು ಮತ್ತು ಪುಡಿಯುಪ್ಪು ಬೇರೆ ಬೇರೆಯಾಗಿ ಹಾಕಿ ನೋಡಿಯೇ ಹೇಳಬೇಕು. ತೆರೆದಪಾತ್ರೆ ಅವರ ಬಳಿ ಮೂರು ಸಮಾನ ಪಾತ್ರೆಗಳಿವೆ.

ತೆರೆದಪಾತ್ರೆ

ಮೂರನೆಯದು ಉಪ್ಪೇ ಇಲ್ಲದ ಪಾತ್ರೆಯಾಗಬೇಕು, ಅಲ್ಲವೇ? ಈ ಭಾನುವಾರ ಒಲೆಗೇರಿಸುತ್ತೇನೆ. ಹುಳಿ ಮಾತ್ರ ಕೊನೆಗೇ.